‘ನೋಡೋಣ ಬಿಡಿ’ ಅಂದವರು ಬರ್ತಾರಾ, ಇಲ್ವಾ? ತಿಳಿದುಕೊಳ್ಳೋದು ಹೀಗೆ

ಮೂರು ವರ್ಷದ ಹಿಂದೆ ಮೈಸೂರಿನಲ್ಲಿ ನಮ್ಮ ಮನೆಯ ಗೃಹಪ್ರವೇಶ ಇತ್ತು. ಅಡುಗೆಯವರು ಮೂರು ದಿನ ಮೊದಲೇ ‘ಎಷ್ಟು ಎಲೆ, ಹೇಳಿಬಿಡಿ’ ಎಂದು ಕೇಳಿದ್ದರು. ನಾನು 60 ಮನೆಗೆ ಫೋನ್ ಮಾಡಿದ್ದೆ. ಅದರಲ್ಲಿ 22 ಮನೆಯವರು ಒಂದಲ್ಲ ಒಂದು ರೀತಿಯಲ್ಲಿ ‘ನೋಡೋಣ’ ಎಂದಿದ್ದರು. ‘ಬರಲ್ಲ’ ಅಂತ ಯಾರೂ ಅಂದಿರಲಿಲ್ಲವಲ್ಲ, ಅದಕ್ಕೇ ಅಷ್ಟೂ ಮನೆಯನ್ನು ಬರುವವರ ಲೆಕ್ಕಕ್ಕೆ ಸೇರಿಸಿದೆ. ಬಂದದ್ದು ನಾಲ್ಕೇ ಮನೆಯವರು. ಐವತ್ತಕ್ಕೂ ಜಾಸ್ತಿ ಎಲೆಯ ಅಡುಗೆ ಉಳಿಯಿತು. ಸಂಜೆ ಕೊಳದಪ್ಪಲೆಯಲ್ಲಿ ಅರ್ಧದಷ್ಟು ಹುಳಿ ಹಾಗೇ ಇದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮರುವರ್ಷ ತಮ್ಮನ ಮಗಳ ನಾಮಕರಣ. ಈ ಸಲ ಫೋನ್ ಮಾಡಿದ್ದು ದೊಡ್ಡಮ್ಮ. ನಾನು ಪಕ್ಕದಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಸ್ಪೀಕರ್ ಹಾಕಿದ್ದರಿಂದ ಎಲ್ಲವೂ ಕೇಳುತ್ತಿತ್ತು. ನನಗೆ ಎಲ್ಲ ‘ನೋಡೋಣ’ಗಳೂ ಒಂದೇ ಥರ ಕೇಳಿದವು, ಆದರೆ ದೊಡ್ಡಮ್ಮ ಫೋನ್ ಇಟ್ಟ ಕೂಡಲೇ ‘ಇವರು ಬರ್ತಾರೆ, ಮೂರು ಎಲೆ ಹಾಕು’, ‘ಇವರು ಬರಲ್ಲ, ಬಿಡು’ ಎನ್ನುತ್ತಿದ್ದರು. ಅವರು ಹೇಳಿದ್ದು ಹೆಚ್ಚುಕಡಿಮೆ ಹಾಗೇ ಆಯಿತು. ಅದು ಹೇಗೆ ಎಂದು ಕೂತು ಕೇಳಿ ತಿಳಿದುಕೊಂಡದ್ದು, ಆಮೇಲೆ ನಾನೇ ಕಿವಿಗೊಟ್ಟು ಗಮನಿಸಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ನೋಡೋಣ’ ಅಂದವರು ಸುಳ್ಳು ಹೇಳುತ್ತಿಲ್ಲ. ಶುಭಕಾರ್ಯಕ್ಕೆ ಕರೆದವರ ಮುಖಕ್ಕೆ ‘ಇಲ್ಲ’ ಅನ್ನುವುದು ನಮ್ಮಲ್ಲಿ ಕಷ್ಟದ ಕೆಲಸ. ಭಿಕ್ಷೆಗೆ ಬಂದವರಿಗೂ ‘ಇಲ್ಲ’ ಅನ್ನದೆ ‘ಮುಂದಕ್ಕೆ ಹೋಗಪ್ಪ’ ಅನ್ನುತ್ತೇವೆ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನದೆ ‘ಬರ್ತೀನಿ’ ಅನ್ನುತ್ತೇವೆ. ದೆವ್ವದ ಭಯ ಹಬ್ಬಿದ್ದ ಕಾಲದಲ್ಲಿ ಊರೂರಲ್ಲಿ ಜನ ಬಾಗಿಲ ಮೇಲೆ ಬರೆದದ್ದು ‘ಬರಬೇಡ’ ಎಂದಲ್ಲ, ‘ನಾಳೆ ಬಾ’ ಎಂದು. ದೆವ್ವಕ್ಕೇ ಹಾಗಾದರೆ ಬೀಗರಿಗೆ ‘ಬರಲ್ಲ’ ಅನ್ನೋಕೆ ಆಗುತ್ತಾ?

ಮೊದಲು ಕ್ರಿಯಾಪದದ ಕೊನೆ ಕೇಳಿಸಿಕೊಳ್ಳಿ

ಕನ್ನಡದಲ್ಲಿ ಕ್ರಿಯಾಪದದ ಕೊನೆಯಲ್ಲೇ ಕೆಲಸ ಯಾರದ್ದು ಅನ್ನುವುದು ಇರುತ್ತದೆ. ‘ನೋಡ್ತೀನಿ’ ಅಂದರೆ ನಾನು ನೋಡುತ್ತೇನೆ, ಜವಾಬ್ದಾರಿ ನನ್ನದು. ಇಂಗ್ಲಿಷಿನ ‘ಐ ವಿಲ್ ಸೀ’ ಇದಕ್ಕೆ ಹತ್ತಿರ. ‘ನೋಡೋಣ’ ಹಾಗಲ್ಲ. ‘ಹೋಗೋಣ’, ‘ತಿನ್ನೋಣ’ ಇದ್ದ ಹಾಗೆ ಅದು ನೀವೂ ನಾನೂ ಸೇರಿ ಮಾಡುವ ಕೆಲಸ, ಅಂದರೆ ‘ಲೆಟ್ಸ್ ಸೀ’. ಬರಬೇಕಾದವರು ಅವರೊಬ್ಬರೇ, ಆದರೆ ನೋಡುವ ಕೆಲಸದಲ್ಲಿ ಅರ್ಧ ಕರೆದವರ ಹೆಗಲಿಗೆ ಬಂದುಬಿಟ್ಟಿತು. ‘ನೋಡ್ಬೇಕು’ ಅಂದರಂತೂ ಅದು ನಾನೋ ನೀನೋ ಅವರೋ, ಯಾವುದೂ ಆ ಪದದಲ್ಲಿಲ್ಲ. ‘ನೋಡ್ಬೇಕಪ್ಪ, ಹೇಗಾಗುತ್ತೋ’ ಅನ್ನುವ ಮಾತಿನಲ್ಲಿ ನೋಡುವವರೇ ಇರುವುದಿಲ್ಲ.

ಇದಕ್ಕೆ ‘ಬಿಡಿ’ ಸೇರಿತೋ, ಮಾತು ಅಲ್ಲಿಗೆ ಮುಗಿಯಿತು ಅಂತ ತಿಳಿಯಿರಿ. ‘ನೋಡೋಣ ಬಿಡಿ’, ‘ಬರೋಣ ಬಿಡಿ’, ‘ಮಾಡೋಣ ಬಿಡಿ’, ಇವೆಲ್ಲ ವಿಷಯವನ್ನು ಮೆಲ್ಲಗೆ ಕೆಳಗಿಡುವ ಮಾತುಗಳು. ‘ನೋಡೋಣಂತೆ’ ಕೂಡ ಹಾಗೇ, ಅದರಲ್ಲಿ ‘ಈಗ ಬೇಡ’ ಅನ್ನುವುದು ಮೊದಲೇ ಸೇರಿಕೊಂಡಿದೆ. ಮಂಗಳೂರು ಕಡೆ ‘ನೋಡುವ’ ಅನ್ನುತ್ತಾರೆ, ಧಾರವಾಡದ ಕಡೆ ‘ನೋಡೋಣ್ರಿ’ ಅನ್ನುತ್ತಾರೆ. ಪದ ಬೇರೆ, ಕೆಲಸ ಅದೇ.

ಒಂದು ಕಡೆ ಮಾತ್ರ ಮೋಸ ಹೋಗಬೇಡಿ. ‘ರಜೆ ಕೇಳಿ ನೋಡ್ತೀನಿ’, ‘ಟಿಕೆಟ್ ಸಿಗುತ್ತಾ ವಿಚಾರಿಸಿ ನೋಡ್ತೀನಿ’ ಅಂದಾಗ ಇರುವ ‘ನೋಡು’ ಬೇರೆ. ಬೇರೊಂದು ಕೆಲಸದ ಹಿಂದೆ ಬಂದಾಗ ಅದಕ್ಕೆ ಪ್ರಯತ್ನ ಮಾಡು ಅನ್ನುವ ಅರ್ಥ ಬರುತ್ತದೆ. ಅಲ್ಲಿ ಮಾಡುವ ಕೆಲಸ ಒಂದಿದೆ, ಮಾಡುವವರೂ ಇದ್ದಾರೆ. ದೊಡ್ಡಮ್ಮ ಇಂಥವರ ಹೆಸರಿನ ಮುಂದೆ ಒಂದು ಚುಕ್ಕೆ ಇಡಿಸುತ್ತಿದ್ದರು. ಚುಕ್ಕೆ ಇದ್ದವರಿಗೆ ಎರಡು ದಿನ ಬಿಟ್ಟು ಇನ್ನೊಂದು ಫೋನ್.

ಜೊತೆಗೆ ಏನು ಬಂತು, ಗಮನಿಸಿ

ನಿಜವಾಗಿಯೂ ಯೋಚನೆ ಮಾಡುತ್ತಿರುವವರ ಮಾತಿನಲ್ಲಿ ಹಿಡಿಯೋಕೆ ಏನಾದರೂ ಸಿಗುತ್ತದೆ. ‘ಶುಕ್ರವಾರ ಮಗನ ಪರೀಕ್ಷೆ ಮುಗಿಯುತ್ತೆ, ಅವತ್ತು ಸಂಜೆ ಹೇಳ್ತೀನಿ’ ಅನ್ನುವುದು ಒಂದು. ‘ಬಿಡುವಾದ್ರೆ ಬರ್ತೀವಿ’, ‘ದೇವರಿಚ್ಛೆ ಇದ್ರೆ ಬರೋಣ’, ‘ಆಮೇಲೆ ಹೇಳ್ತೀನಿ’ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ದಿನ ಇದೆ, ಕಾರಣ ಇದೆ, ಶನಿವಾರ ನೀವು ಫೋನ್ ಮಾಡಿ ಕೇಳಬಹುದು. ಎರಡನೆಯದರಲ್ಲಿ ಕೇಳೋಕೆ ಏನೂ ಇಲ್ಲ.

ಇದಕ್ಕಿಂತ ಒಳ್ಳೆಯ ಗುರುತು ಅವರು ತಿರುಗಿ ಕೇಳುವ ಪ್ರಶ್ನೆ. ಬರುವ ಮನಸ್ಸಿದ್ದವರು ‘ಮುಹೂರ್ತ ಎಷ್ಟೊತ್ತಿಗೆ?’, ‘ಛತ್ರದ ಹತ್ರ ಬಸ್ಸು ನಿಲ್ಲುತ್ತಾ?’, ‘ಹಿಂದಿನ ದಿನಾನೇ ಬಂದ್ರೆ ಉಳಿಯೋಕೆ ಆಗುತ್ತಾ?’ ಎಂದು ಕೇಳುತ್ತಾರೆ. ಬರದೇ ಇರುವವರು ‘ಎಲ್ಲ ಚೆನ್ನಾಗಿ ಆಗಲಿ’ ಎಂದು ಹರಸುತ್ತಾರೆ. ಹರಕೆ ಮೊದಲೇ ಬಂತು ಅಂದರೆ ಅವತ್ತು ಅವರು ಎದುರಿಗೆ ಇರುವುದಿಲ್ಲ.

ಹೆಣ್ಣು ನೋಡುವ ಶಾಸ್ತ್ರ ನೋಡಿದವರಿಗೆ ಇದು ಹೊಸದೇನಲ್ಲ. ಉಪ್ಪಿಟ್ಟು, ಕೇಸರಿಬಾತು ತಿಂದು ‘ಊರಿಗೆ ಹೋಗಿ ತಿಳಿಸ್ತೀವಿ’ ಎಂದು ಎದ್ದವರ ಮಾತಿಗೆ ಮನೆಯವರೆಲ್ಲ ಅರ್ಥ ಹುಡುಕುತ್ತಾ ಕೂರುತ್ತಿದ್ದರು. ವಾರ ಬಿಟ್ಟು ‘ಜಾತಕ ಕೂಡಲಿಲ್ಲ’ ಅನ್ನುವ ಸುದ್ದಿ ಬರುತ್ತಿತ್ತು. ಜಾತಕ ಕೂಡುವುದನ್ನು ನೋಡಿಕೊಂಡೇ ಬಂದವರಾದರೂ ಅಷ್ಟೇ. ಹುಡುಗಿಗೆ ನೋವಾಗಬಾರದು ಅಂತ ತಪ್ಪನ್ನು ಗ್ರಹಗಳ ಮೇಲೆ ಹಾಕುತ್ತಿದ್ದರು.

ಉತ್ತರ ಎಷ್ಟು ಬೇಗ ಬಂತು?

2009ರಲ್ಲಿ ಹತ್ತು ಭಾಷೆಗಳ ಮಾತುಕತೆ ಅಳೆದ ಒಂದು ಅಧ್ಯಯನ ಪ್ರಕಟವಾಯಿತು. ಆ ಹತ್ತರಲ್ಲಿ ಕನ್ನಡ ಇರಲಿಲ್ಲ, ಆದರೆ ಅದರಲ್ಲಿ ಕಂಡದ್ದು ನಮಗೂ ಪರಿಚಯದ್ದೇ. ಪ್ರಶ್ನೆ ಮುಗಿದು ಉತ್ತರ ಶುರುವಾಗುವುದಕ್ಕೆ ಸಾಮಾನ್ಯವಾಗಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತೂ ಹಿಡಿಯುವುದಿಲ್ಲ. ಒಪ್ಪುವ ಉತ್ತರ ಬೇಗ ಬರುತ್ತದೆ, ಒಪ್ಪದ ಉತ್ತರ ತಡವಾಗುತ್ತದೆ. ನಮ್ಮಲ್ಲಿ ಆ ತಡವನ್ನು ‘ಅಯ್ಯೋ’, ‘ಏನ್ ಹೇಳ್ಲಿ’, ‘ಹ್ಞೂಂ...’ ತುಂಬುತ್ತವೆ.

ಕಾಲವನ್ನೂ ಕೇಳಿಸಿಕೊಳ್ಳಿ. ‘ಬರಬೇಕು ಅಂತಿದ್ದೀನಿ’ ಅಂದವರಲ್ಲಿ ಆಸೆ ಇನ್ನೂ ಇದೆ. ‘ಬರಬೇಕು ಅಂತಿದ್ದೆ’ ಅಂದವರಲ್ಲಿ ಅದು ಆಗಲೇ ಮುಗಿದಿದೆ, ‘ಆದ್ರೆ’ ಅನ್ನುವುದು ಹಿಂದೆಯೇ ಬರುತ್ತದೆ.

ಆದರೆ ತಡವೊಂದನ್ನೇ ನಂಬಿದರೆ ತಪ್ಪಾಗುತ್ತದೆ. ನೆಟ್‌ವರ್ಕ್ ಸರಿಯಿಲ್ಲದಿದ್ದರೂ ತಡವಾಗುತ್ತದೆ, ವಯಸ್ಸಾದವರು ನಿಧಾನವಾಗಿ ಮಾತಾಡುತ್ತಾರೆ. ‘ಮನೇಲಿ ಕೇಳಿ ಹೇಳ್ತೀನಿ’ ಅನ್ನುವ ಸೊಸೆಗೆ ನಿಜವಾಗಿಯೂ ಕೇಳಿಯೇ ಹೇಳಬೇಕಾಗಿರಬಹುದು. ವಾಟ್ಸಾಪಿನಲ್ಲಿ ಈ ಗುರುತು ಪೂರ್ತಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಅಲ್ಲಿ ತಡ ಆದದ್ದು ಮನಸ್ಸಿಲ್ಲದೆಯೋ, ಫೋನ್ ಚಾರ್ಜಿಗೆ ಹಾಕಿದ್ದಕ್ಕೋ ಗೊತ್ತಾಗಲ್ಲ. ಎಲೆ ಲೆಕ್ಕಕ್ಕೆ ಫೋನೇ ಮಾಡಿ.

ಎರಡನೇ ಪ್ರಶ್ನೆ

ಇದೇ ಮುಖ್ಯವಾದ ಹಂತ, ನಾನು ಎಡವಿದ್ದೂ ಇಲ್ಲೇ. ‘ಬರ್ತೀರೋ ಇಲ್ವೋ, ಸರಿಯಾಗಿ ಹೇಳಿ’ ಎಂದು ಒತ್ತಾಯ ಮಾಡಿದರೆ ಅವರು ‘ಬರ್ತೀವಿ’ ಎಂದೇ ಹೇಳುತ್ತಾರೆ. ಆ ‘ಬರ್ತೀವಿ’ ಮೊದಲಿನ ‘ನೋಡೋಣ’ಕ್ಕಿಂತ ಕಡೆ. ದೊಡ್ಡಮ್ಮ ತಮ್ಮ ನಾದಿನಿಯ ಜೊತೆ ಆಡಿದ ಮಾತನ್ನು ನೆನಪಿದ್ದ ಹಾಗೆ ಬರೆಯುತ್ತೇನೆ.

‘ಭಾನುವಾರ ನಾಮಕರಣ, ಎಲ್ಲರೂ ಬರಬೇಕು ಕಣಮ್ಮ.’

‘ಅಯ್ಯೋ ಅತ್ತಿಗೆ... ಬರಬೇಕು ಅಂತ ನಂಗೂ ಆಸೆ. ಇವರಿಗೆ ಮಂಡಿ ನೋವು ನೋಡಿ. ನೋಡೋಣ ಅತ್ತಿಗೆ.’

‘ಪಾಪ, ಅಷ್ಟು ದೂರ ಕೂತು ಬರೋದು ಕಷ್ಟ. ಅಡುಗೆಯವರಿಗೆ ಗುರುವಾರ ಲೆಕ್ಕ ಕೊಡಬೇಕು. ನಿಮ್ಮದು ಈಗ ಹಿಡಿಯಲ್ಲ. ಬರೋಕಾಗುತ್ತೆ ಅನ್ನಿಸಿದ್ರೆ ಬುಧವಾರ ರಾತ್ರಿ ಒಂದು ಫೋನ್ ಮಾಡು. ಆಗಲಿಲ್ಲ ಅಂದ್ರೆ ಮಗು ನೋಡೋಕೆ ನಿಧಾನವಾಗಿ ಬನ್ನಿ.’

‘ಹಾಗೇ ಮಾಡೋಣ ಅತ್ತಿಗೆ. ನಾವು ಮುಂದಿನ ತಿಂಗಳು ಬರ್ತೀವಿ, ಮಗೂಗೆ ಬಟ್ಟೆ ತಗೊಂಡಿಟ್ಟಿದೀನಿ.’

ಈ ಕೊನೆಯ ಉತ್ತರ ಎಷ್ಟು ಸರಾಗವಾಗಿ ಬಂತು ಅಂದರೆ, ಪಕ್ಕದಲ್ಲಿ ಕೂತಿದ್ದ ನನಗೂ ವ್ಯತ್ಯಾಸ ಗೊತ್ತಾಯಿತು. ದೊಡ್ಡಮ್ಮ ಮಾಡಿದ್ದು ಇಷ್ಟೇ. ಕಾರಣವನ್ನು ತಾವೇ ಒಪ್ಪಿಕೊಂಡರು. ಮೊದಲು ‘ಬರಲ್ಲ’ ಅನ್ನೋಕೆ ಫೋನ್ ಮಾಡಬೇಕಾಗಿತ್ತು, ಈಗ ‘ಬರ್ತೀವಿ’ ಅನ್ನೋಕೆ ಮಾಡಬೇಕು. ಇಲ್ಲ ಅನ್ನುವ ಕಷ್ಟದ ಮಾತು ಯಾರೂ ಆಡಬೇಕಾಗಲಿಲ್ಲ. ಸಾಲ ಕೇಳಿದಾಗಲೂ ಇದೇ ದಾರಿ: ‘ಹತ್ತನೇ ತಾರೀಖಿನೊಳಗೆ ನಿನ್ನ ಫೋನ್ ಬರಲಿಲ್ಲ ಅಂದ್ರೆ ನಾನು ಬೇರೆ ಕಡೆ ನೋಡ್ತೀನಿ, ಬೇಜಾರು ಮಾಡ್ಕೊಳಲ್ಲ’ ಅಂದುಬಿಡಿ.

ನೀವೇ ಹೇಳುವವರಾದರೆ

ನಿಜವಾಗಿಯೂ ಗೊತ್ತಿಲ್ಲದಿದ್ದರೆ ‘ನೋಡ್ತೀನಿ’ ಅನ್ನಿ, ಜೊತೆಗೆ ಒಂದು ದಿನ ಹೇಳಿ, ಆ ದಿನ ನೀವೇ ಫೋನ್ ಮಾಡಿ. ಆಗಲ್ಲ ಅಂತ ಗೊತ್ತಿದ್ದರೆ ಆಗುವ ಇನ್ನೊಂದನ್ನು ಹೇಳಿ, ಆ ನಾದಿನಿ ಹೇಳಿದ ಹಾಗೆ. ಕನ್ನಡ ಗೊತ್ತಿಲ್ಲದವರ ಜೊತೆ ಇಂಗ್ಲಿಷಿನಲ್ಲಿ ಕೆಲಸ ಮಾಡುವವರು ಇನ್ನೂ ಸ್ವಲ್ಪ ಜಾಗ್ರತೆ. ಅಮೆರಿಕದಲ್ಲಿರುವ ನನ್ನ ಸೋದರಮಾವನ ಮಗ ನಮ್ಮಲ್ಲಿ ಆಗಲ್ಲ ಅನ್ನೋಕೆ ಮೆಲ್ಲಗೆ ಹೇಳುವ ‘ಪ್ರಯತ್ನ ಮಾಡ್ತೀನಿ’ ಅನ್ನುವುದನ್ನೇ ಮನಸ್ಸಿನಲ್ಲಿಟ್ಟುಕೊಂಡು ‘ಐ ವಿಲ್ ಟ್ರೈ’ ಅಂದ. ಆಗಲ್ಲ ಅನ್ನುವುದು ಕೇಳಿದವರಿಗೆ ತಿಳಿಯಿತು ಅಂದುಕೊಂಡ. ಅವನ ಮ್ಯಾನೇಜರು ಸೋಮವಾರ ಕೆಲಸ ಸಿಗುತ್ತೆ ಎಂದು ಬರೆದುಕೊಂಡಿದ್ದರು. ಈಗ ಅವನು ‘ಈ ವಾರ ಆಗಲ್ಲ, ಮುಂದಿನ ಬುಧವಾರ ಕೊಡ್ತೀನಿ’ ಎಂದು ನೇರವಾಗಿ ಹೇಳುತ್ತಾನೆ. ಊರಿಗೆ ಬಂದಾಗ ಮಾತ್ರ ಅದೇ ಹುಡುಗ ‘ನೋಡೋಣ ಅತ್ತೆ’ ಅನ್ನುತ್ತಾನೆ. ಎರಡೂ ಸರಿಯೇ.

ನಾಮಕರಣಕ್ಕೆ ಅಡುಗೆಯವರಿಗೆ ಲೆಕ್ಕ ಕೊಡುವಾಗ ದೊಡ್ಡಮ್ಮ ಹತ್ತು ಎಲೆ ಜಾಸ್ತಿ ಹೇಳಿದರು. ಯಾಕೆ ಅಂತ ಕೇಳಿದೆ. ‘ಬಿಡಿ ಅಂದವರೂ ಒಂದೊಂದು ಸಲ ಬಂದುಬಿಡ್ತಾರೆ’ ಅಂದರು. ಭಾನುವಾರ ಎರಡನೇ ಪಂಕ್ತಿ ಕೂರುವ ಹೊತ್ತಿಗೆ, ‘ಬರೋಣ ಬಿಡಮ್ಮ’ ಎಂದು ಹರಸಿ ಫೋನ್ ಇಟ್ಟಿದ್ದ ದೊಡ್ಡಪ್ಪನ ಹಳೇ ಸ್ನೇಹಿತರೊಬ್ಬರು ಹೆಂಡತಿ, ಮೊಮ್ಮಗನ ಜೊತೆ ಆಟೋ ಇಳಿಯುತ್ತಿದ್ದರು. ದೊಡ್ಡಮ್ಮ ನನ್ನ ಕಡೆ ತಿರುಗಿ ‘ಮೂರು ಎಲೆ ಹಾಕಿಸು’ ಅಂದರು.