ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ: 16 ಗಂಟೆಯ ವಿಮಾನ, ಕಾಲು ಊತ ಮತ್ತು ನಿದ್ದೆ

ಬೇ ಏರಿಯಾಕ್ಕೆ ಹೊಸದಾಗಿ ಬಂದವರು ಮನೆ ಒಂದು ಹದಕ್ಕೆ ಬರುತ್ತಿದ್ದಂತೆ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ. ಬೆಂಗಳೂರಿನಿಂದ ದುಬೈ ಸುಮಾರು 4 ಗಂಟೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 16 ಗಂಟೆ. ಕಷ್ಟ ಕೊಡುವುದು ಈ ಎರಡನೇ ವಿಮಾನ. ಅವರಿಗೆ ಫೋನಿನಲ್ಲಿ ಏನೇನು ಹೇಳಬೇಕು ಅನ್ನೋದು ಇಲ್ಲಿದೆ.

ಮೊದಲು ಕಾಲಿನ ವಿಷಯ. ಕಾಲಿಗೆ ಇಳಿದ ರಕ್ತವನ್ನು ಮೇಲಕ್ಕೆ ತಳ್ಳುವುದರಲ್ಲಿ ಮೀನಖಂಡದ ಪಾತ್ರ ದೊಡ್ಡದು. ನಾವು ನಡೆಯುವಾಗ ಅದು ಹಿಂಡಿ ಹಿಂಡಿ ಬಿಡುತ್ತದೆ. ಸುಮ್ನೆ ಕೂತರೆ ಆ ಕೆಲಸ ನಿಲ್ಲುತ್ತದೆ. ಸೀಟಿನ ಅಂಚು ಮಂಡಿಯ ಹಿಂದೆ ಒತ್ತುತ್ತದೆ, ರಕ್ತ ಕೆಳಗೇ ನಿಲ್ಲುತ್ತದೆ, ನೀರಿನಂಶ ಹೊರಗೆ ಜಿನುಗಿ ಪಾದ ಊದುತ್ತದೆ.

ಹಾಗಾಗಿ ಎಚ್ಚರವಿರುವಾಗ ಗಂಟೆಗೊಮ್ಮೆಯಾದರೂ ಮೀನಖಂಡಕ್ಕೆ ಕೆಲಸ ಕೊಡಬೇಕು. ಕೂತಲ್ಲೇ ಕಾಲ್ಬೆರಳು ನೆಲಕ್ಕೆ ಊರಿ ಹಿಮ್ಮಡಿ ಎತ್ತಬೇಕು, ಆಮೇಲೆ ಹಿಮ್ಮಡಿ ಊರಿ ಬೆರಳು ಎತ್ತಬೇಕು. ಹೀಗೆ ಇಪ್ಪತ್ತು ಮೂವತ್ತು ಸಲ. ಮೀನಖಂಡ ಬಿಗಿಯಾಗಿದ್ದು ಕೈಗೆ ಗೊತ್ತಾಗಬೇಕು, ಪಾದ ಸುಮ್ನೆ ಅಲ್ಲಾಡಿಸಿದರೆ ಸಾಲದು. ಬೆಲ್ಟ್ ದೀಪ ಆರಿದಾಗ ಎದ್ದು ವಿಮಾನದ ಹಿಂಭಾಗದವರೆಗೆ ನಡೆದು ಬರಲಿ. ಕಾಲಿನ ಹತ್ತಿರ ಬ್ಯಾಗ್ ಇಟ್ಟುಕೊಂಡರೆ ಕಾಲು ಚಾಚಲು ಜಾಗವೇ ಇರಲ್ಲ, ಅದನ್ನು ಮೇಲೆ ಇಡಿಸಿ. ಅಮ್ಮಂದಿರಿಗೆ ಬಿಗಿ ಲಾಡಿಯ ಲಂಗಕ್ಕಿಂತ ಸಡಿಲ ಚೂಡಿದಾರ್ ಹಿತ. ಚಪ್ಪಲಿಯೂ ಸಡಿಲವಿರಲಿ, ಇಳಿಯುವಾಗ ಪಾದ ಅದರಲ್ಲಿ ಹಿಡಿಸಬೇಕು.

ಮಂಡಿ ಕೆಳಗಿನವರೆಗೆ ಬರುವ ಕಂಪ್ರೆಷನ್ ಸ್ಟಾಕಿಂಗ್ಸ್ ಊತಕ್ಕೆ ನಿಜವಾಗಿ ಉಪಯೋಗ. ಪಾದದ ಗಂಟು ಮತ್ತು ಮೀನಖಂಡದ ಸುತ್ತಳತೆ ತೆಗೆದು ಸರಿಯಾದ ಸೈಜ್ ಕೊಳ್ಳಬೇಕು. ಊತ ಶುರುವಾಗುವ ಮೊದಲೇ, ಮನೆಯಿಂದ ಹೊರಡುವಾಗಲೇ ಹಾಕಿಕೊಳ್ಳಬೇಕು. ಮೇಲಿನ ತುದಿ ಮಡಚಿದರೆ ಅದೇ ಕಟ್ಟು ಹಾಕಿದಂತೆ ಬಿಗಿಯುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲಿನ ರಕ್ತ ಸಂಚಾರ ಕಡಿಮೆಯಾಗಿದ್ದರೆ ಡಾಕ್ಟರನ್ನು ಕೇಳದೆ ಹಾಕಿಸಬೇಡಿ.

ನೀರಿನ ವಿಷಯದಲ್ಲಿ ನಮ್ಮ ಹಿರಿಯರದ್ದು ಒಂದೇ ಹಠ. ಪದೇ ಪದೇ ಟಾಯ್ಲೆಟ್‌ಗೆ ಏಳಬೇಕಲ್ಲ, ಪಕ್ಕದವರನ್ನು ಎಬ್ಬಿಸಬೇಕಲ್ಲ ಅಂತ ಕುಡಿಯುವುದನ್ನೇ ಬಿಡುತ್ತಾರೆ. ವಿಮಾನದೊಳಗಿನ ಗಾಳಿ ತುಂಬಾ ಒಣಗಿರುತ್ತದೆ, ಬಾಯಿ, ಮೂಗು, ಕಣ್ಣು ಎಲ್ಲ ಒಣಗುತ್ತವೆ. ಇದಕ್ಕೆ ಉಪಾಯ, ಟಿಕೆಟ್ ಮಾಡುವಾಗಲೇ ಐಲ್ ಸೀಟು ಹಿಡಿಯುವುದು. ಒಂದೆರಡು ಗಂಟೆಗೊಂದು ಲೋಟ ನೀರು ಕುಡಿಯಲಿ. ಟಾಯ್ಲೆಟ್‌ಗೆ ಏಳುವುದೂ ಒಳ್ಳೆಯದೇ, ಅದೇ ನಡಿಗೆ ಆಗುತ್ತದೆ ಅಲ್ವಾ! ಉಪ್ಪಿನಕಾಯಿ, ಚಿಪ್ಸ್ ಕಡಿಮೆ ಮಾಡಿದರೆ ಊತವೂ ಕಡಿಮೆ. ಹೃದಯ ಅಥವಾ ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ಆ ಮಿತಿಯನ್ನೇ ಪಾಲಿಸಬೇಕು.

ಈಗ ನಿದ್ದೆ. ಬೇಸಿಗೆಯಲ್ಲಿ ದುಬೈನಿಂದ ಬೆಳಿಗ್ಗೆ 9ಕ್ಕೆ ವಿಮಾನ ಹೊರಟಿತು ಅಂದುಕೊಳ್ಳಿ. ಆಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಿಂದಿನ ದಿನದ ರಾತ್ರಿ 10. ಇಳಿಯುವುದು ಮಧ್ಯಾಹ್ನ 2ರ ಸುಮಾರಿಗೆ. ಅಂದರೆ ಪ್ರಯಾಣದ ಮೊದಲರ್ಧವೇ ಇಲ್ಲಿನ ರಾತ್ರಿ. ಬೆಂಗಳೂರಿನಿಂದ ನಸುಕಿನಲ್ಲಿ ಹೊರಟವರಿಗೆ ಹೇಗೂ ಕಣ್ಣು ಎಳೆಯುತ್ತಿರುತ್ತದೆ. ಮೊದಲ ಊಟ ಮುಗಿಸಿ, ಕಿಟಕಿಯಲ್ಲಿ ಬಿಸಿಲಿದ್ದರೂ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಲಿ. ಕಾಫಿ ಆಗ ಬೇಡ, ಎದ್ದ ಮೇಲೆ ಕುಡಿಯಲಿ. ಕೊನೆಯ ಆರೇಳು ಗಂಟೆ ಎಚ್ಚರವಾಗಿದ್ದು ನಡಿಗೆ, ನೀರು ಎರಡನ್ನೂ ಜಾಸ್ತಿ ಮಾಡಿಕೊಳ್ಳಲಿ. ನಿದ್ದೆ ಮಾತ್ರೆ ಕೊಟ್ಟು ಕಳಿಸಬೇಡಿ. ಮುದುಡಿ ಕೂತ ಭಂಗಿಯಲ್ಲೇ ಗಂಟೆಗಟ್ಟಲೆ ಅಲುಗಾಡದೆ ಮಲಗುವುದು ಕಾಲಿಗೆ ಒಳ್ಳೆಯದಲ್ಲ.

ಮನೆಗೆ ಬಂದ ಮೇಲೆ ಸಂಜೆ ಬೆಳಕಿನಲ್ಲಿ ಒಂದು ಸುತ್ತು ಓಡಾಡಿಸಿ, ರಾತ್ರಿ 9ರವರೆಗೆ ಎಚ್ಚರವಿರಿಸಿ. ಅಷ್ಟು ಮಾಡಿದರೂ ಕೆಲವು ದಿನ ರಾತ್ರಿ ಎರಡು ಮೂರಕ್ಕೇ ಎಚ್ಚರವಾಗುತ್ತದೆ, ಗಾಬರಿ ಬೇಡ.

ಎರಡೂ ಕಾಲು ಒಂದೇ ಸಮ ಊದಿ, ದಿಂಬಿನ ಮೇಲೆ ಕಾಲು ಎತ್ತಿ ಮಲಗಿದಾಗ ಒಂದೆರಡು ದಿನದಲ್ಲಿ ಇಳಿದರೆ ಅದು ಮಾಮೂಲಿ. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ತಿಕ್ಕಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ತಕ್ಷಣ 911ಕ್ಕೆ ಕರೆ ಮಾಡಿ. ಇದು ಬಂದಿಳಿದ ಕೆಲವು ವಾರಗಳ ನಂತರವೂ ಆಗಬಹುದು, ಹಾಗಾಗಿ ವಿಮಾನದಲ್ಲಿ ಬಂದ ದಿನವನ್ನೂ ಡಾಕ್ಟರಿಗೆ ಹೇಳಿ. ಹಿಂದೆ ಹೀಗೆ ಹೆಪ್ಪುಗಟ್ಟಿದವರು, ಇತ್ತೀಚೆಗೆ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಟಿಕೆಟ್ ಮಾಡುವ ಮೊದಲೇ ಊರಿನ ಡಾಕ್ಟರನ್ನು ಕಾಣಲಿ. ಯಾರೋ ಹೇಳಿದರು ಅಂತ ಆಸ್ಪಿರಿನ್ ನುಂಗಿಸಿ ಕಳಿಸುವುದು ಬೇಡ.