ಹಂಚಿನ ಮನೆಯ ತೊಲೆಗೆ ಪಂಚಿಂಗ್ ಬ್ಯಾಗ್ ಕಟ್ಟಿದ್ದು

ತೀರ್ಥಹಳ್ಳಿ ಹತ್ತಿರದ ನಮ್ಮದು ಹಳೇ ಹಂಚಿನ ಮನೆ. ಹಿಂದಿನ ಜಗಲಿಯ ಮೇಲೆ ಮತ್ತಿ ಮರದ ಅಡ್ಡತೊಲೆಗಳಿವೆ. ಅಗಲ 5 ಇಂಚು, ಎತ್ತರ 7 ಇಂಚು, ಗೋಡೆಯಿಂದ ಗೋಡೆಗೆ 10 ಅಡಿ. ಅದರಲ್ಲಿ ಒಂದಕ್ಕೆ 35 ಕೆಜಿಯ ಪಂಚಿಂಗ್ ಬ್ಯಾಗ್ ನೇತುಹಾಕಿ ದಿನಾ ಹೊಡೆಯುತ್ತಿದ್ದೇನೆ. ತೊಲೆಗೆ ಒಂದು ತೂತೂ ಕೊರೆದಿಲ್ಲ.

ಮನೆಯಲ್ಲಿ ಮೊದಲು ಬಂದ ಸಲಹೆ ಅಪ್ಪನದು. "ತೂಗುಮಂಚದ ಕೊಂಡಿ ಇದ್ಯಲ್ಲ ಮಾರಾಯ, ಅದಕ್ಕೇ ಹಾಕು." ಆ ಕೊಂಡಿ ನಾಲ್ಕು ಜನರನ್ನು ಹೊತ್ತಿದೆ ನಿಜ. ಆದರೆ ತೂಗುಮಂಚಕ್ಕೆ ನಾಲ್ಕು ಕೊಂಡಿ. ಅದು ಒಂದೇ ದಿಕ್ಕಿನಲ್ಲಿ ನಿಧಾನಕ್ಕೆ ಹೋಗಿಬರುತ್ತದೆ. ಬ್ಯಾಗು ಹಾಗಲ್ಲ. ಹೊಡೆದಾಗ ಪಕ್ಕಕ್ಕೆ ಎಳೆಯುತ್ತದೆ, ತಿರುಗುತ್ತದೆ, ಮೇಲಕ್ಕೆ ಹಾರಿ ಜರ್ಕ್ ಕೊಟ್ಟು ಕೆಳಗೆ ಬೀಳುತ್ತದೆ. ಆ ಜರ್ಕ್‌ಗೆ ಅಂತ ನಾನು ತೂಕದ ನಾಲ್ಕು ಪಟ್ಟು ಲೆಕ್ಕ ಇಟ್ಟುಕೊಂಡೆ. 35 ನಾಲ್ಕಲೆ 140, ಅಂದರೆ ಹತ್ತಿರ ಹತ್ತಿರ 150 ಕೆಜಿ. ಅಷ್ಟು ತಡೆಯುತ್ತದೆ ಅಂತ ಬರೆದಿಲ್ಲದ ಯಾವ ಕಬ್ಬಿಣವನ್ನೂ ಈ ಕೆಲಸಕ್ಕೆ ಬಳಸಬಾರದು ಅನ್ನೋದು ನನ್ನ ಹಟ.

ಸ್ಕ್ರೂ ತರ ತಿರುಗಿಸಿ ಹಾಕುವ ಹುಕ್ ಬೇಡ ಅಂದಿದ್ದಕ್ಕೂ ಇದೇ ಕಾರಣ. ನೇರ ಕೆಳಕ್ಕೆ ಎಳೆದರೆ ಅದು ಗಟ್ಟಿ. ಪಕ್ಕಕ್ಕೆ ಎಳೆದಾಗೆಲ್ಲ ಸ್ಕ್ರೂ ಸುತ್ತಲಿನ ಮರ ಸ್ವಲ್ಪ ಸ್ವಲ್ಪ ಸವೆದು ತೂತು ದೊಡ್ಡದಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹುಕ್ ಸಡಿಲವಾಗಲು ಅದೂ ಸೇರಿಕೊಳ್ಳುತ್ತದೆ. ಇನ್ನೊಂದು ವಿಷಯ: ಭಾರ ಬಿದ್ದಾಗ ತೊಲೆಯ ತಳಭಾಗ ಹಿಗ್ಗುತ್ತದೆ. ಮರಕ್ಕೆ ಜಾಸ್ತಿ ಕಷ್ಟ ಇರೋದೇ ಅಲ್ಲಿ. ಅಲ್ಲೇ ಕೊರೆದು ನಾರು ಕತ್ತರಿಸೋದು ಯಾಕೆ? ಅದರ ಮೇಲೆ ಈ ಅಡ್ಡತೊಲೆ, ಮಾಡಿನ ಭಾರಕ್ಕೆ ಎರಡೂ ಗೋಡೆ ಹೊರಗೆ ಹೋಗದಂತೆ ಹಿಡಿದಿರುವ ಮರ. ಅದನ್ನು ಮುಟ್ಟದೆ ಇರೋದೇ ವಾಸಿ.

ಮೊದಲ ಕೆಲಸ ತೊಲೆ ನೋಡೋದು. ನಮ್ಮೂರಿನ ಆಚಾರ್ರು ಬಂದು ಏಣಿ ಹತ್ತಿ ಸುತ್ತಿಗೆಯ ಹಿಡಿಯಿಂದ ತೊಲೆಯ ಉದ್ದಕ್ಕೂ ಬಡಿದರು. ಗಟ್ಟಿ ಮರ ಟಣ್ ಅನ್ನುತ್ತದೆ, ಒಳಗೆ ಗೆದ್ದಲು ತಿಂದ ಮರ ಬೊದ್ ಅನ್ನುತ್ತದೆ. "ನಡು ನೋಡಿ ಸಮಾಧಾನ ಆಗ್ಬೇಡಿ ಮಾರಾಯ್ರೇ, ತುದಿ ನೋಡಿ" ಅಂದರು. ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ತೇವ ನಿಲ್ಲುತ್ತದೆ, ಕೊಳೆಯೋದು ಅಲ್ಲಿಂದಲೇ ಶುರು. ತೆಳು ಸ್ಕ್ರೂಡ್ರೈವರ್ ತಗೊಂಡು ಎರಡೂ ತುದಿಯಲ್ಲಿ ಒತ್ತಿ ನೋಡಿದೆವು. ಒಂದು ತೊಲೆಗೆ ಅದು ಅರ್ಧ ಇಂಚು ಸಲೀಸಾಗಿ ಇಳಿಯಿತು. ಆ ತೊಲೆ ಬಿಟ್ಟೆವು. ಪಕ್ಕದ ತೊಲೆಯಲ್ಲಿ ಬರೀ ಗೀರು ಬಿತ್ತು. ಅದರಲ್ಲಿ ಉದ್ದಕ್ಕೆ ಸೀಳು ಇತ್ತು, ಅದು ಮರ ಒಣಗುವಾಗ ಬರುವ ಬಿರುಕು, ಹೆದರಬೇಕಿಲ್ಲ. ನಾರಿಗೆ ಅಡ್ಡವಾಗಿ ಬಿರುಕು ಇದ್ದರೆ, ಅಥವಾ ನಡುವೆ ತಳಭಾಗದಲ್ಲಿ ದೊಡ್ಡ ಗಂಟು ಇದ್ದರೆ ಆ ತೊಲೆ ಬೇಡ. ಹಂಚಿನ ಕೆಳಗಿನ ಪಕಾಸಿ, ರೀಪುಗಳಿಗಂತೂ ಏನನ್ನೂ ನೇತುಹಾಕಬಾರದು. ಅವು ಹಂಚು ಹೊರಲು ಮಾತ್ರ.

ಜಾಗವನ್ನು ತೊಲೆಯ ಸರಿ ನಡುವೆ ತಗೊಳ್ಳಲಿಲ್ಲ. ಗೋಡೆಯಿಂದ ಸುಮಾರು ಮೂರು ಅಡಿ ಒಳಗೆ ತಗೊಂಡೆ. ನಡುವಿಗಿಂತ ಅಲ್ಲಿ ತೊಲೆ ಕಡಿಮೆ ಬಾಗುತ್ತದೆ, ಹಂಚೂ ಕಡಿಮೆ ಅದುರುತ್ತದೆ. ಇದಕ್ಕಿಂತ ಹತ್ತಿರ ಹೋದರೆ ಬ್ಯಾಗು ಗೋಡೆಗೆ ಬಡಿಯುತ್ತದೆ.

ಸಾಮಾನಿಗೆ ಶಿವಮೊಗ್ಗಕ್ಕೆ ಹೋಗಿ, ಭಾರ ಎತ್ತುವ ಚೈನು, ಬೆಲ್ಟು ಮಾರುವ ಅಂಗಡಿಯಲ್ಲಿ ತಂದೆ. ಮುಖ್ಯವಾದದ್ದು ಪಾಲಿಯೆಸ್ಟರ್ ರೌಂಡ್ ಸ್ಲಿಂಗ್. ಬಳೆಯ ಹಾಗೆ ಕೊನೆ ಇಲ್ಲದ ಬೆಲ್ಟು. ಕ್ರೇನ್‌ನವರು ಬಳಸೋದು ಇದನ್ನೇ. ನೇರಳೆ ಬಣ್ಣದ್ದು ಒಂದು ಟನ್, ಹಸಿರು ಎರಡು, ಹಳದಿ ಮೂರು. ನಾನು 2 ಮೀಟರಿನ ನೇರಳೆ ಸ್ಲಿಂಗ್ ತಗೊಂಡೆ. ಕುಣಿಕೆ ಹಾಕಿ ಕಟ್ಟಿದರೆ ಒಂದು ಟನ್ನಿನಲ್ಲಿ 800 ಕೆಜಿ ಮಾತ್ರ ಲೆಕ್ಕಕ್ಕೆ ಸಿಗುತ್ತದೆ, ನಮಗೆ ಅದು ಧಾರಾಳ. ಜೊತೆಗೆ 3/8 ಇಂಚಿನ ಒಂದು ಟನ್ ಶ್ಯಾಕಲ್, ಅಂದರೆ ಬಾಯಿಗೆ ಅಡ್ಡಲಾಗಿ ಪಿನ್ ತಿರುಗಿಸಿ ಮುಚ್ಚುವ ಕಬ್ಬಿಣದ ಕೊಂಡಿ. ಮೈಮೇಲೆ ಡಬ್ಲ್ಯೂಎಲ್ಎಲ್ ಅಂತ ಅಚ್ಚು ಹೊಡೆದಿರಬೇಕು. ಅದು ದಿನನಿತ್ಯ ಹೊರಬಹುದಾದ ಭಾರ. ಮುರಿಯುವ ಭಾರ ಬೇರೆ, ಅದು ಇದರ ಎಷ್ಟೋ ಪಟ್ಟು ಇರುತ್ತದೆ. ಕೆಲವು ಸಾಮಾನಿನ ಮೇಲೆ ಬರೀ ಮುರಿಯುವ ಭಾರ ಬರೆದು ದೊಡ್ಡ ನಂಬರ್ ತೋರಿಸುತ್ತಾರೆ. ಯಾವುದು ಅಂತ ಕೇಳಿಯೇ ತಗೊಳ್ಳಿ. ಶ್ಯಾಕಲ್ ಕೆಳಗೆ ಸ್ಪ್ರಿಂಗು, ಅದರ ಕೆಳಗೆ ತಿರುಗುವ ಸ್ವಿವೆಲ್, ಎರಡೂ 200 ಕೆಜಿಯವು. ಒಟ್ಟು ವ್ಯವಸ್ಥೆಯ ಶಕ್ತಿ ಅಂದರೆ ಈ 200 ಕೆಜಿಯೇ, ಮೇಲಿನ ಟನ್ ಅಲ್ಲ. ಸ್ವಿವೆಲ್ ಇಲ್ಲದಿದ್ದರೆ ಬ್ಯಾಗು ತಿರುಗಿದಾಗೆಲ್ಲ ಆ ತಿರುಚು ಶ್ಯಾಕಲಿನ ಪಿನ್ನಿನವರೆಗೂ ಹೋಗಿ ಅದನ್ನು ಬಿಚ್ಚಬಹುದು. ಹಾಗಾಗಿ ಪಿನ್ ಬಿಗಿದ ಮೇಲೆ ಅದರ ಕಣ್ಣಿಗೆ ತಂತಿ ಹಾಕಿ ಶ್ಯಾಕಲ್ ಮೈಗೆ ಕಟ್ಟಿದೆ.

ಕಟ್ಟಿದ್ದು ಹೀಗೆ. ತೊಲೆಯ ನಾಲ್ಕೂ ಮೂಲೆಗೆ ಟ್ರ್ಯಾಕ್ಟರ್ ಟ್ಯೂಬಿನ ತುಂಡು ಇಟ್ಟೆ. ಚೂಪು ಅಂಚಿಗೆ ಉಜ್ಜಿದರೆ ಸ್ಲಿಂಗ್ ಬೇಗ ಹಾಳಾಗುತ್ತದೆ. ಅದರ ಮೇಲೆ ಸ್ಲಿಂಗ್ ಎರಡು ಸುತ್ತು ಸುತ್ತಿ, ಮಡಚಿದ ಒಂದು ತುದಿಯನ್ನು ಇನ್ನೊಂದರೊಳಗೆ ತೂರಿಸಿ ಎಳೆದೆ. ಒಂದೇ ಸುತ್ತಾದರೆ ಕುಣಿಕೆ ತೊಲೆಯ ಮೇಲೆ ಜಾರುತ್ತಾ ಹೋಗುತ್ತದೆ, ಎರಡು ಸುತ್ತು ಕಚ್ಚಿ ಹಿಡಿಯುತ್ತದೆ. ತೊಲೆಯ ಮೇಲೆ ಅಟ್ಟದ ಹಲಗೆ ಕೂತಿದ್ದರೆ ಸ್ಲಿಂಗ್ ಸುತ್ತಲು ಆಗೋದಿಲ್ಲ. ಆಗ ಎರಡೂ ಪಕ್ಕಕ್ಕೆ ಪಟ್ಟಿ ಇಟ್ಟು, ತೊಲೆಯ ಎತ್ತರದ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಡ್ಡಲಾಗಿ ಬೋಲ್ಟ್ ತೂರಿಸೋದು ದಾರಿ. ತಳದ ಹತ್ತಿರ ಬೋಲ್ಟ್ ಹಾಕಿದರೆ ಭಾರಕ್ಕೆ ಮರ ಅಲ್ಲಿಂದ ಉದ್ದಕ್ಕೆ ಸೀಳಬಹುದು.

ಬ್ಯಾಗು ಹಾಕುವ ಮೊದಲು ಸಿಮೆಂಟ್ ಮೂಟೆಯಿಂದ ಪರೀಕ್ಷೆ ಮಾಡಿದೆವು. ಸ್ಪ್ರಿಂಗ್ ತೆಗೆದಿಟ್ಟು, ಶ್ಯಾಕಲಿಗೆ ಹಗ್ಗದಿಂದ ಒಂದು ಹಲಗೆ ಕಟ್ಟಿ ನೆಲದಿಂದ ನಾಲ್ಕು ಬೆರಳು ಮೇಲೆ ನಿಲ್ಲಿಸಿದೆವು, ಏನಾದರೂ ಕಿತ್ತರೆ ಅಷ್ಟೇ ಬೀಳಲಿ ಅಂತ. ತೊಲೆಯ ಕೆಳಗೆ ಗೋಡೆಯಿಂದ ಗೋಡೆಗೆ ಮೀನಿನ ಗಾಳದ ದಾರ ಬಿಗಿದು, ದಾರಕ್ಕೂ ತೊಲೆಗೂ ಇರುವ ಸಂದನ್ನು ಸ್ಕೇಲಿನಲ್ಲಿ ಅಳೆದೆ. 50 ಕೆಜಿಯ ಮೂರು ಮೂಟೆ ಒಂದೊಂದಾಗಿ ಇಟ್ಟು ಮಾರನೇ ದಿನದವರೆಗೂ ಬಿಟ್ಟೆವು. ತೊಲೆ ಒಂದು ಮಿಲಿಮೀಟರ್ ಬಾಗಿರಬಹುದು, ಸ್ಕೇಲಿನಲ್ಲಿ ಕಾಣಿಸಿದ್ದೇ ಕಷ್ಟ. ಮೂಟೆ ಇಳಿಸಿದ ಮೇಲೆ ಸಂದು ಮೊದಲಿನಷ್ಟೇ ಆಯಿತು. ನೋಡಬೇಕಾದ್ದು ಇದನ್ನೇ. ಭಾರ ತೆಗೆದ ಮೇಲೂ ತೊಲೆ ವಾಪಸ್ ಬರದಿದ್ದರೆ, ರಾತ್ರಿಯಿಡೀ ಇಳಿಯುತ್ತಲೇ ಹೋದರೆ, ಅಥವಾ ಚಟ ಚಟ ಸದ್ದು ಬಂದರೆ ಆ ತೊಲೆಯಿಂದ ದೂರ ಇರಿ.

ಇಷ್ಟಾದ ಮೇಲೂ ಒಂದು ಅಪಾಯ ಉಳಿಯುತ್ತದೆ, ಇಲಿ. ಅಡಿಕೆ, ಭತ್ತ ಇರುವ ಮನೆಯಲ್ಲಿ ಇಲಿ ಇಲ್ಲದೆ ಇರುತ್ತದಾ? ಪಾಲಿಯೆಸ್ಟರ್ ಎಷ್ಟೇ ಟನ್ನಿನದಾದರೂ ಅದರ ಹಲ್ಲಿಗೆ ನಿಲ್ಲೋದಿಲ್ಲ. ಅದಕ್ಕೇ ತೊಲೆಯ ಮೇಲಿಂದ ಇನ್ನೊಂದು ಸ್ಟೀಲ್ ವೈರ್ ರೋಪ್ ಸುತ್ತಿ, ಸ್ವಲ್ಪ ಸಡಿಲ ಬಿಟ್ಟು, ಸ್ಪ್ರಿಂಗು ಸ್ವಿವೆಲ್ ಎರಡನ್ನೂ ದಾಟಿಸಿ ಬ್ಯಾಗಿನ ಚೈನಿಗೆ ಸೇರಿಸಿದ್ದೇನೆ. ಮಾಮೂಲಾಗಿ ಅದು ಭಾರ ಹೊರುವುದಿಲ್ಲ. ಸ್ಲಿಂಗ್ ಹೋದರೂ ಸ್ಪ್ರಿಂಗ್ ಮುರಿದರೂ ಬ್ಯಾಗು ಅರ್ಧ ಅಡಿ ಇಳಿದು ನಿಲ್ಲುತ್ತದೆ. ಬ್ಯಾಗು ಒಂದೇ ಕಡೆ ತಿರುಗುತ್ತಾ ಹೋದರೆ ರೋಪ್ ಸುತ್ತಿಕೊಳ್ಳುತ್ತದೆ, ಆಗಾಗ ಕೈಯಲ್ಲಿ ಬಿಡಿಸಬೇಕು.

ತಿಂಗಳಿಗೊಮ್ಮೆ ಏಣಿ ಹತ್ತಿ ಟ್ಯೂಬ್ ಸರಿಸಿ ಸ್ಲಿಂಗಿನ ಮೈ ನೋಡುತ್ತೇನೆ. ಹೊರಗಿನ ನೇರಳೆ ಬಟ್ಟೆ ಹರಿದು ಒಳಗಿನ ಬಿಳಿ ನೂಲು ಕಂಡರೆ ಹೊಲಿಗೆ, ಗಂಟು ಏನೂ ಮಾಡುವ ಹಾಗಿಲ್ಲ, ಹೊಸದೇ ತರಬೇಕು. ಮಳೆಗಾಲದಲ್ಲಿ ಸ್ಪ್ರಿಂಗಿನ ಕೊಕ್ಕೆ ಬಾಗಿದ ಜಾಗದಲ್ಲಿ ತುಕ್ಕು ಮೊದಲು ಕಾಣುತ್ತದೆ. ಅದನ್ನು ಒರೆಸಿ ಎಣ್ಣೆ ಹಚ್ಚಿ, ಬೆರಳಿನ ಉಗುರು ಆಡಿಸಿ ನೋಡುತ್ತೇನೆ. ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಬಿದ್ದಿದ್ದರೆ ಅವತ್ತು ಬ್ಯಾಗು ಕೆಳಗೆ.