ನೈಟ್ರೋಜನ್‌ನ ಬಾಯ್ಲ್ ತಾಪಮಾನ ವಾಟರ್ ಬಾತ್‌ನಲ್ಲೇ ಸಿಕ್ಕಿತು: ನನ್ನ ಅನುಭವ

ಕೊನೆಗೂ ಸಿಕ್ಕಿತು. ಆದರ್ಶ ಅನಿಲದ ನಿಯಮದಿಂದ ನೈಟ್ರೋಜನ್ ಎಷ್ಟು, ಯಾವ ಕಡೆಗೆ ಸರಿಯುತ್ತದೆ ಎಂದು ಹೇಳುವ ಎರಡನೇ ವಿರಿಯಲ್ ಗುಣಾಂಕ, ಅಂದರೆ ನಮ್ಮ B, 25 ಡಿಗ್ರಿಯಲ್ಲಿ ಋಣ, 70 ಡಿಗ್ರಿಯಲ್ಲಿ ಧನ. ನಡುವೆ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೊನ್ನೆ ದಾಟುತ್ತದೆ, ಅದೇ ಬಾಯ್ಲ್ ತಾಪಮಾನ. ಮೂರು ಡಿಗ್ರಿ ಹೆಚ್ಚುಕಮ್ಮಿ ಇರಬಹುದು. ಇದನ್ನು ಎರಡು ಸ್ಟೀಲ್ ಪಾತ್ರೆ, ಒಂದು ವಾಟರ್ ಬಾತ್, 35 ಬಾರ್‌ನ ಒಂದು ಪ್ರೆಷರ್ ಸೆನ್ಸರ್ ಇಟ್ಟುಕೊಂಡು ಮಾಡಿದೆ.

ಆಗುವುದಿಲ್ಲ ಎಂದವರು ಇಬ್ಬರು. ಇಬ್ಬರೂ ಬುದ್ಧಿವಂತರೇ. ಒಬ್ಬರು ವಾನ್ ಡರ್ ವಾಲ್ಸ್ ಸೂತ್ರ ತೆಗೆದು, ಅಣುಗಳ ಸೆಳೆತ ಹೇಳುವ a, ಗಾತ್ರ ಹೇಳುವ b ಎರಡನ್ನೂ ಕೋಷ್ಟಕದಿಂದ ತೆಗೆದು ಹಾಕಿ, a/Rb ಲೆಕ್ಕ ಮಾಡಿ ತೋರಿಸಿದರು. ಬಂದದ್ದು 426 ಕೆಲ್ವಿನ್. ಅಂದರೆ 150 ಡಿಗ್ರಿಗೂ ಜಾಸ್ತಿ. "ನೀರಿನಲ್ಲಿ ಅದು ಹೇಗೆ ಸಿಗುತ್ತದೆ?" ಎಂದರು. ಇನ್ನೊಬ್ಬರ ಆಕ್ಷೇಪ ಬೇರೆ. ವ್ಯತ್ಯಾಸ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ, ನಿನ್ನ ಸೆನ್ಸರ್ ಅದನ್ನು ನೋಡಲಾರದು ಎಂದರು. ಅವರ ಮಾತು ಅರ್ಧ ನಿಜ. ಆ ಅರ್ಧವನ್ನು ದಾಟುವುದಕ್ಕೇ ನನ್ನ ಹೆಚ್ಚಿನ ಸಮಯ ಹೋಯಿತು.

ವಿಧಾನ ಹೊಸದಲ್ಲ. 1936ರಲ್ಲಿ ಬರ್ನೆಟ್ ಹೇಳಿದ್ದು. ಮೊದಲ ಪಾತ್ರೆಯಲ್ಲಿ ಅನಿಲ ತುಂಬಿ ಒತ್ತಡ ಓದಿ. ಎರಡನೆಯದನ್ನು ನಿರ್ವಾತ ಮಾಡಿ. ನಡುವಿನ ವಾಲ್ವ್ ತೆರೆದು ಮತ್ತೆ ಓದಿ. ವಾಲ್ವ್ ಮುಚ್ಚಿ, ಎರಡನೆಯದನ್ನು ಮತ್ತೆ ಖಾಲಿ ಮಾಡಿ, ಮತ್ತೆ ತೆರೆಯಿರಿ. ತೂಕ ಬೇಡ, ಗಾತ್ರವೂ ಬೇಡ. ಅನಿಲ ಆದರ್ಶವಾಗಿದ್ದರೆ ಪ್ರತಿ ಸಲವೂ ಒತ್ತಡದ ಅನುಪಾತ ಒಂದೇ ಇರುತ್ತದೆ. ನನ್ನ ಎರಡು ಪಾತ್ರೆಗಳೂ ಸರಿಸುಮಾರು ಒಂದೇ ಗಾತ್ರ, ಹಾಗಾಗಿ ಅದು 2ರ ಹತ್ತಿರ. ಅಣುಗಳ ನಡುವೆ ಸೆಳೆತ ಮೇಲುಗೈ ಆಗಿದ್ದರೆ ಮೊದಲಿನ ಹೆಚ್ಚಿನ ಒತ್ತಡ ಇರಬೇಕಾದದ್ದಕ್ಕಿಂತ ಕಮ್ಮಿ ಇರುತ್ತದೆ, ಅನುಪಾತ ಕುಗ್ಗುತ್ತದೆ. ತಳ್ಳಾಟ ಮೇಲುಗೈ ಆಗಿದ್ದರೆ ಹಿಗ್ಗುತ್ತದೆ. B ಚಿಹ್ನೆಯನ್ನು ಕಣ್ಣಾರೆ ನೋಡುವುದು ಅಂದರೆ ಇದೇ.

ಈಗ ಸೆನ್ಸರ್ ವಿಷಯ. 32 ಬಾರ್‌ನಿಂದ 16ಕ್ಕೆ ಇಳಿಸಿದರೆ, 25 ಡಿಗ್ರಿಯಲ್ಲಿ ನೈಟ್ರೋಜನ್‌ನ B ಅನುಪಾತವನ್ನು ಬದಲಿಸುವುದು ಶೇಕಡಾ 0.3ರಷ್ಟು. ಸೆನ್ಸರ್‌ನ ಕಾಗದದ ಮೇಲೆ ಬರೆದ ನಿಖರತೆ ಇದಕ್ಕೆ ಸಾಲದು. ಆದರೆ ನಿಖರತೆ ಬೇರೆ, ಮರುಕಳಿಕೆ ಬೇರೆ. ಅದೇ ಒತ್ತಡ ಕೊಟ್ಟರೆ ಅದೇ ಅಂಕಿ ತೋರಿಸುವುದರಲ್ಲಿ ನನ್ನ ಸೆನ್ಸರ್ ತುಂಬಾ ಚೆನ್ನಾಗಿತ್ತು, ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಪ್ರತಿ ತಾಪಮಾನದಲ್ಲೂ ಮೊದಲು ಹೀಲಿಯಂ, ಆಮೇಲೆ ನೈಟ್ರೋಜನ್. ಎರಡನ್ನೂ ಅದೇ 32, 16, 8, 4ರ ಹಾದಿಯಲ್ಲಿ ಓಡಿಸಿದೆ. ಎರಡು ಅನುಪಾತಗಳನ್ನು ಭಾಗಿಸಿದರೆ ಸೆನ್ಸರ್‌ನ ವಕ್ರತೆ ಹೋಗುತ್ತದೆ. ಒತ್ತಡಕ್ಕೆ ಪಾತ್ರೆ ಉಬ್ಬುವುದು ಹೋಗುತ್ತದೆ. ಸೆನ್ಸರ್ ಕೊಳವೆಯ ಸ್ವಲ್ಪ ಭಾಗ ನೀರಿನ ಹೊರಗಿರುವುದರ ತಪ್ಪೂ ಬಹುಪಾಲು ಹೋಗುತ್ತದೆ. ವಾಲ್ವ್ ತೆರೆಯುವ ಮುಂಚಿನ ಒತ್ತಡ P0, ಆಮೇಲಿನದು P1 ಎಂದರೆ ಉಳಿಯುವುದು ಇಷ್ಟು:

(ನೈಟ್ರೋಜನ್ ಅನುಪಾತ) / (ಹೀಲಿಯಂ ಅನುಪಾತ) ≈ 1 + (B_N2 − B_He)(P0 − P1)/RT

ಹೀಲಿಯಂನ B ಚೆನ್ನಾಗಿ ಗೊತ್ತಿರುವ ಸಂಖ್ಯೆ. ಮೋಲ್‌ಗೆ +12 ಘನ ಸೆಂಟಿಮೀಟರ್‌ನ ಹತ್ತಿರ, ನನ್ನ ಬಾತ್‌ನ ಇಡೀ ವ್ಯಾಪ್ತಿಯಲ್ಲಿ ಹೆಚ್ಚು ಕದಲುವುದಿಲ್ಲ. ಅದರ ಬಾಯ್ಲ್ ತಾಪಮಾನ ಎಲ್ಲೋ 20 ಚಿಲ್ಲರೆ ಕೆಲ್ವಿನ್‌ನಲ್ಲಿದೆ. ನಮ್ಮ ಕೋಣೆಯಲ್ಲಿ ಅದರ ಸೆಳೆತ ಲೆಕ್ಕಕ್ಕೇ ಬರುವುದಿಲ್ಲ, ತಳ್ಳಾಟವಷ್ಟೇ ಕಾಣುತ್ತದೆ. ಇನ್ನೂ ಒಂದು ಚಂದದ ಸಂಗತಿ ಇದೆ. ಬಿಸಿ ಮಾಡಿದಷ್ಟೂ ಹೀಲಿಯಂನ B ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಅಣುವಿನ ಹೊರಮೈ ಕಲ್ಲಲ್ಲ, ಜೋರಾಗಿ ಬಂದು ಗುದ್ದಿದರೆ ಇನ್ನಷ್ಟು ಒಳಗೆ ನುಗ್ಗಬಹುದು.

ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸೆನ್ಸರ್‌ಗೇ ಹೋಯಿತು. ಅದರಲ್ಲಿ ಚೌಕಾಸಿ ಮಾಡಬೇಡಿ. ಪಾತ್ರೆಗಳು ಹಳೆಯವು, ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿಸಿದ ಖರ್ಚು ಮಾತ್ರ. ಆಮೇಲಿನ ದೊಡ್ಡ ಬಾಬ್ತು ಹೀಲಿಯಂ. ನೈಟ್ರೋಜನ್‌ಗಿಂತ ಅದು ಎಷ್ಟೋ ಪಟ್ಟು ದುಬಾರಿ, ಸಾಲದ್ದಕ್ಕೆ ವಾಲ್ವ್‌ನ ಕಾಂಡದಿಂದ ಸೋರಿಯೂ ಹೋಗುತ್ತಿತ್ತು. ರಾತ್ರಿ ಒತ್ತಡ ಹಾಕಿಟ್ಟು ಬೆಳಿಗ್ಗೆ ನೋಡಿದರೆ ನೈಟ್ರೋಜನ್ ಹಾಗೇ ಇರುತ್ತಿತ್ತು, ಹೀಲಿಯಂ ಇಳಿದಿರುತ್ತಿತ್ತು. ಸೋರಿಕೆಯಿಂದ ಎರಡನೇ ಓದು ಕಮ್ಮಿ ಬರುತ್ತದೆ, ಹೀಲಿಯಂನ ಅನುಪಾತ ಹಿಗ್ಗುತ್ತದೆ, ಅದರಿಂದ ಭಾಗಿಸಿದಾಗ ನೈಟ್ರೋಜನ್‌ನಲ್ಲಿ ಸೆಳೆತ ಜಾಸ್ತಿ ಇದೆ ಎಂಬ ಸುಳ್ಳು ಉತ್ತರ ಬರುತ್ತದೆ. ಆ ವಾಲ್ವ್‌ನ ಸೀಲ್ ಹೇಗೆ ಸರಿಮಾಡಿದೆ ಎಂಬುದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ಸರಣಿ ಪೂರ್ತಿ ಹಾಳಾದದ್ದು ಆತುರದ ಓದಿನಿಂದ. ವಾಲ್ವ್ ತೆರೆದ ತಕ್ಷಣ ಮೊದಲ ಪಾತ್ರೆಯ ಅನಿಲ ತಣ್ಣಗಾಗುತ್ತದೆ, ಎರಡನೆಯದರದ್ದು ಬಿಸಿಯಾಗುತ್ತದೆ. ಅರ್ಧ ಕೆಲ್ವಿನ್ ಉಳಿದರೂ ಶೇಕಡಾ 0.15ರಷ್ಟು ತಪ್ಪು, ಅಂದರೆ ನಾವು ಹುಡುಕುತ್ತಿರುವುದರ ಅರ್ಧ. ಅರ್ಧ ಗಂಟೆ ಬಿಡಿ. ಕೊನೆಯ ಅಂಕಿ ಒಂದೇ ಕಡೆಗೆ ಜರುಗುವುದು ನಿಂತು, ಅತ್ತ ಇತ್ತ ಸುಮ್ನೆ ಕುಣಿಯುತ್ತಿದ್ದರೆ ಮಾತ್ರ ಬರೆದುಕೊಳ್ಳಿ.

ಒತ್ತಡ ಏರಿಸಿದರೆ ಪರಿಣಾಮ ದೊಡ್ಡದಾಗುತ್ತದಲ್ವಾ ಎಂದು ಹಲವರು ಸಲಹೆ ಕೊಟ್ಟರು. ದೊಡ್ಡ ಸೆನ್ಸರ್ ಸಾಲ ತಂದು 60 ಬಾರ್‌ನಿಂದ ಇಳಿಸಿಯೂ ನೋಡಿದೆ. 25 ಡಿಗ್ರಿಯಲ್ಲಿ 60ರಿಂದ 30ಕ್ಕೆ ಇಳಿದಾಗ ಅನುಪಾತ ಆದರ್ಶ ಅನಿಲದಂತೆಯೇ ಬಂತು! ನೋಡಿದವರು "ಇದೇ ಬಾಯ್ಲ್ ತಾಪಮಾನ, ಮುಗಿಯಿತು" ಎಂದರು. ಅದಲ್ಲ. ಆದರ್ಶ ಅನಿಲಕ್ಕೆ PV/nRT, ಅಂದರೆ Z, ಯಾವಾಗಲೂ 1; ನೈಟ್ರೋಜನ್‌ಗೆ 60 ಬಾರ್‌ನಲ್ಲೂ 30 ಬಾರ್‌ನಲ್ಲೂ Z ಸುಮಾರು 0.997. ಮೊದಲು ಇಳಿದು, ಸುಮಾರು 40 ಬಾರ್‌ನಲ್ಲಿ ತಳ ಮುಟ್ಟಿ, ಮತ್ತೆ ಏರುವ ವಕ್ರರೇಖೆಯ ಎರಡು ಬದಿಯ ಬಿಂದುಗಳು ಅವು. ಇಳಿಸಿದ್ದು B, ಏರಿಸಿದ್ದು ಮೂರನೇ ಗುಣಾಂಕ C. ಜೋಡಿ ಅಣುಗಳ ಕಥೆ ಹೇಳುವುದು B ಮಾತ್ರ. ಹೆಚ್ಚು ಒತ್ತಡದಲ್ಲಿ ಮೂರು ಅಣುಗಳು ಒಟ್ಟಿಗೆ ಸಿಕ್ಕುವ ಕಥೆ ಬೆರೆತು ಚಿಹ್ನೆಯೇ ಮುಚ್ಚಿಹೋಗುತ್ತದೆ.

ನಾನು ಮಾಡಿದ್ದು ಹೀಗೆ. ಪ್ರತಿ ಇಳಿತದಿಂದಲೂ ಒಂದು "ತೋರಿಕೆಯ B" ತೆಗೆದು, ಅದನ್ನು P0 + P1ರ ಎದುರು ಗುರುತಿಸಿದೆ. 25 ಡಿಗ್ರಿಯ ಸರಣಿ ನೆನಪಿನಲ್ಲಿರುವಂತೆ ಇದು: 32ರಿಂದ 16ಕ್ಕೆ −1.6, 16ರಿಂದ 8ಕ್ಕೆ −3.1, 8ರಿಂದ 4ಕ್ಕೆ −3.8. ಗೆರೆ ಎಳೆದು ಸೊನ್ನೆ ಒತ್ತಡಕ್ಕೆ ತಂದರೆ −4.5. ಕೊನೆಯ ಬಿಂದು ತುಂಬಾ ಅಲುಗಾಡುತ್ತದೆ, ಅದನ್ನು ಜಾಸ್ತಿ ನಂಬಬೇಡಿ. ಗೆರೆಯ ಓರೆ ಎಲ್ಲಾ ತಾಪಮಾನದಲ್ಲೂ ಹೆಚ್ಚುಕಮ್ಮಿ ಒಂದೇ ಬಂತು. ಹಾಗಾಗಿ ಎಲ್ಲಾ ಸರಣಿಗಳನ್ನೂ ಸೇರಿಸಿ ಓರೆಯನ್ನು ಒಮ್ಮೆಗೇ ಹೊಂದಿಸಿದೆ. ಆಮೇಲೆ 40 ಡಿಗ್ರಿಯಲ್ಲಿ −2ರ ಸುತ್ತ, 55ರಲ್ಲಿ ಸೊನ್ನೆಗೆ ಅಂಟಿಕೊಂಡಂತೆ, 70ರಲ್ಲಿ +2 ಚಿಲ್ಲರೆ, 80ರಲ್ಲಿ +3.5. ಪ್ರತಿಯೊಂದರಲ್ಲೂ ಅರ್ಧದಷ್ಟು ಅನಿಶ್ಚಿತತೆ.

55 ಡಿಗ್ರಿಯ ಸರಣಿಯನ್ನು ಮತ್ತೆ ಮತ್ತೆ ನೋಡಿದ್ದೇನೆ. ಅಲ್ಲಿ ಅಣುಗಳು ಒಂದನ್ನೊಂದು ಸೆಳೆಯುವುದನ್ನು ಬಿಟ್ಟಿಲ್ಲ, ತಳ್ಳುವುದನ್ನೂ ಬಿಟ್ಟಿಲ್ಲ. ಎರಡರ ಸರಾಸರಿ ಲೆಕ್ಕ ಸರಿಹೋಗಿದೆ, ಅಷ್ಟೆ. 32 ಬಾರ್‌ನ ಬಿಂದು ಆಗಲೂ ಸೊನ್ನೆಗಿಂತ ಮೇಲೇ ನಿಲ್ಲುತ್ತದೆ, C ಎಲ್ಲೂ ಹೋಗಿಲ್ಲವಲ್ಲ. ಎರಡು ಅಣುಗಳ ಸೆಳೆತ-ತಳ್ಳಾಟವನ್ನು ಲೆಕ್ಕ ಹಾಕುವ ಲೆನಾರ್ಡ್-ಜೋನ್ಸ್ ಮಾದರಿಯಲ್ಲಿ B ಸೊನ್ನೆಯಾಗುವುದು ಸೆಳೆತದ ಕುಳಿಯ ಆಳದ 3.42 ಪಟ್ಟು ತಾಪಮಾನದಲ್ಲಿ. ನೈಟ್ರೋಜನ್‌ಗೆ ಆ ಆಳ 95 ಕೆಲ್ವಿನ್, ಅಂದರೆ 325. ನನ್ನದು 327. ಶಾಖದ ಶಕ್ತಿ ಕುಳಿಯ ಆಳಕ್ಕಿಂತ ಇಷ್ಟೊಂದು ಮೇಲಿದ್ದರೂ ಸೆಳೆತ ಯಾಕೆ ಸಮಬಲ ಸಾಧಿಸುತ್ತದೆ? ಕುಳಿ ಆಳ ಕಮ್ಮಿ, ಹರವು ಜಾಸ್ತಿ. ಗಟ್ಟಿ ತಿರುಳಿನ ಸುತ್ತ ಅದು ತುಂಬಾ ದೊಡ್ಡ ಜಾಗ ಆವರಿಸಿದೆ.

ಹಾದಿಯಲ್ಲಿ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಮೊದಲ ಪಾತ್ರೆಗೆ ಅರ್ಧ ಗ್ರಾಂನಷ್ಟು ಆಕ್ಟಿವೇಟೆಡ್ ಇದ್ದಿಲು ಹಾಕಿ, 70 ಡಿಗ್ರಿಯಲ್ಲಿ ನೈಟ್ರೋಜನ್ ಓಡಿಸಿದೆ. ಧನ ಇರಬೇಕಾದ B ಢಾಳಾಗಿ ಋಣ ಬಂತು. ಇದ್ದಿಲಿಗೆ ಅಂಟಿದ್ದ ಅಣುಗಳು ಒತ್ತಡ ಇಳಿದಾಗ ಹೊರಬರುತ್ತವೆ, ಎರಡನೇ ಓದು ಏರುತ್ತದೆ. ಗೋಡೆಯ ಸೆಳೆತ ಮತ್ತು ಅಣು-ಅಣುವಿನ ಸೆಳೆತ ಸೆನ್ಸರ್‌ಗೆ ಒಂದೇ ಥರ ಕಾಣುತ್ತವೆ. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಇದೇ ತೊಂದರೆ ರಬ್ಬರ್ ರಿಂಗ್‌ನಿಂದ ಬಂತು. ಅದರ B 25 ಡಿಗ್ರಿಯಲ್ಲಿ −120ರ ಆಸುಪಾಸು, ಹಾಗಾಗಿ ಅಳೆಯುವುದು ಸುಲಭ ಎಂದುಕೊಳ್ಳುತ್ತೇವೆ. ಆದರೆ ಆ ಅನಿಲ ರಬ್ಬರ್‌ನೊಳಗೆ ಕರಗುತ್ತದೆ. ತಾಪಮಾನ ನೆಲೆನಿಂತ ಮೇಲೂ ಒತ್ತಡ ಗಂಟೆಗಟ್ಟಲೆ ಮೆಲ್ಲಗೆ ಏರುತ್ತಿದ್ದರೆ ರಿಂಗ್ ಮೇಲೆ ಅನುಮಾನ ಪಡಿ. ಲೋಹದ ಸೀಲ್ ಹಾಕಿದ ಮೇಲೆ ಆ ಏರಿಕೆ ನಿಂತಿತು.

ಇನ್ನು 426 ಕೆಲ್ವಿನ್ ಎಂದವರಿಗೆ ಉತ್ತರ. ನನ್ನ B ಬಿಂದುಗಳನ್ನು 1/Tಯ ಎದುರು ಹಾಕಿದೆ. ನೇರ ಗೆರೆ! ವಾನ್ ಡರ್ ವಾಲ್ಸ್ ಹೇಳುವ B = b − a/RT ಆಕಾರವೇ. ಆದರೆ ಗೆರೆಯಿಂದ ಸಿಕ್ಕ b ಸುಮಾರು 47, ಕೋಷ್ಟಕದಲ್ಲಿ 39. ನನ್ನ a 1.27 ಲೀಟರ್²·ಬಾರ್/ಮೋಲ್², ಕೋಷ್ಟಕದಲ್ಲಿ 1.37. ಕೋಷ್ಟಕದ ಅಂಕಿಗಳು ಕ್ರಾಂತಿ ಬಿಂದುವಿನಿಂದ, ಅಂದರೆ ಅದಕ್ಕಿಂತ ಬಿಸಿಯಾದರೆ ಎಷ್ಟು ಒತ್ತಿದರೂ ನೈಟ್ರೋಜನ್ ದ್ರವವಾಗದ 126 ಕೆಲ್ವಿನ್‌ನಲ್ಲಿ ಅನಿಲ ಹೇಗಿರುತ್ತದೆ ಎಂಬುದರಿಂದ ತೆಗೆದವು. ಅವನ್ನೇ ಹಿಡಿದರೆ ಪ್ರತಿ ಅನಿಲಕ್ಕೂ ಬಾಯ್ಲ್ ತಾಪಮಾನ ಕ್ರಾಂತಿ ತಾಪಮಾನದ 27/8 ಪಟ್ಟು ಬರಲೇಬೇಕು. ನೈಟ್ರೋಜನ್‌ನಲ್ಲಿ ನಿಜವಾಗಿ ಅದು ಸುಮಾರು 2.6 ಪಟ್ಟು.

ಇದೇ ಗೆರೆಯ ಬಲದಿಂದ ಆರ್ಗಾನ್‌ಗೂ ಕೈಹಾಕಿದೆ. ನೀರಿನ ಬಾತ್ ಅಲ್ಲಿಯವರೆಗೆ ಹೋಗುವುದಿಲ್ಲ, ಎಣ್ಣೆ ಬಾತ್‌ಗೆ ಹಣವಿಲ್ಲ. 25 ಡಿಗ್ರಿಯಲ್ಲಿ −16, 80ರಲ್ಲಿ −7ರ ಹತ್ತಿರ ಬಂತು. Tಯ ಎದುರು ಗೆರೆ ಎಳೆದು ಮುಂದೆ ಚಾಚಿದರೆ 123 ಡಿಗ್ರಿ ತೋರಿಸುತ್ತದೆ, ಅದು ಕಮ್ಮಿ. 1/Tಯ ಎದುರು ಎಳೆದರೆ 139. ಒಪ್ಪಿತ ಬೆಲೆ 138ರ ಆಸುಪಾಸು. ಆದರೆ ಒಂದು ಎಚ್ಚರಿಕೆ: ಎರಡೇ ಬಿಂದುಗಳಿಂದ ಇಷ್ಟು ದೂರ ಚಾಚಿದಾಗ 80 ಡಿಗ್ರಿಯ ಓದಿನಲ್ಲಿ ಅರ್ಧ ಘನ ಸೆಂಟಿಮೀಟರ್ ಆಚೀಚೆ ಆದರೂ ಉತ್ತರ ಎಂಟೊಂಬತ್ತು ಡಿಗ್ರಿ ಸರಿಯುತ್ತದೆ. ಆರ್ಗಾನ್ ಮಾಡುವವರು 80ರಲ್ಲೇ ಹೆಚ್ಚು ಸರಣಿ ಓಡಿಸಿ, 25ರಲ್ಲಿ ಕಮ್ಮಿ ಸಾಕು.